ನೀರಿನ ಕ್ಯಾನಿನ ಲೆಕ್ಕ: ಬೆಲೆ ಏರಿದಾಗ ಯಾರ ಪಾಲು ಎಷ್ಟು?

20 ಲೀಟರಿನ ಕುಡಿಯುವ ನೀರಿನ ಕ್ಯಾನು ಈಗ ಸಣ್ಣಪುಟ್ಟ ಪಟ್ಟಣಗಳಲ್ಲೂ ಮನೆಬಾಗಿಲಿಗೆ ಬರುತ್ತದೆ. ನಲ್ಲಿಯಲ್ಲಿ ನೀರು ಬಂದು ಮೂರು ದಿನವಾಗಿದೆ, ಮನೆಯಲ್ಲಿ ನೆಂಟರಿದ್ದಾರೆ ಅಂದುಕೊಳ್ಳಿ. ಆ ಮನೆಯವರು ಅವತ್ತಿನ ಕ್ಯಾನಿಗೆ 90 ರೂಪಾಯಿ ಕೇಳಿದರೂ ಕೊಡುತ್ತಿದ್ದರು. ಕ್ಯಾನು ಸಿಕ್ಕಿದ್ದು 40 ರೂಪಾಯಿಗೆ. ಕೊಡಲು ತಯಾರಿದ್ದ ಮೊತ್ತಕ್ಕೂ ಕೊಟ್ಟ ಮೊತ್ತಕ್ಕೂ ನಡುವೆ ಉಳಿದ 50 ರೂಪಾಯಿ ಯಾವ ರಸೀದಿಯಲ್ಲೂ ಕಾಣುವುದಿಲ್ಲ. ಆದರೂ ಅದು ಆ ಮನೆಗೆ ಆದ ನಿಜವಾದ ಲಾಭ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಗ್ರಾಹಕರ ಹೆಚ್ಚುವರಿ ಎನ್ನುತ್ತಾರೆ.

ಈ ಲೆಕ್ಕವನ್ನು ಮೊದಲಿಗೆ ಕ್ರಮವಾಗಿ ಹಾಕಿದವರಲ್ಲಿ ಪ್ರಮುಖ ವ್ಯಕ್ತಿ ಒಬ್ಬ ಎಂಜಿನಿಯರ್. ಫ್ರಾನ್ಸಿನಲ್ಲಿ ರಸ್ತೆ, ಸೇತುವೆಗಳ ಕೆಲಸ ನೋಡಿಕೊಳ್ಳುತ್ತಿದ್ದ ಜೂಲ್ಸ್ ಡುಪ್ವಿ 1844ರಲ್ಲಿ ಒಂದು ಪ್ರಶ್ನೆ ಎತ್ತಿದ. ಸೇತುವೆಯಿಂದ ವಸೂಲಾದ ಸುಂಕವನ್ನಷ್ಟೇ ನೋಡಿ ಅದರ ಉಪಯೋಗವನ್ನು ಅಳೆದರೆ ಸಾಕೇ? ಎರಡು ಕಾಸು ಸುಂಕ ಕೊಟ್ಟು ದಾಟಿದವನು ಹತ್ತು ಕಾಸು ಕೇಳಿದ್ದರೂ ದಾಟುತ್ತಿದ್ದನಲ್ಲ, ಆ ಎಂಟು ಕಾಸನ್ನು ಎಲ್ಲಿ ಬರೆಯಬೇಕು? ಮುಂದೆ 1890ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಮಾರ್ಷಲ್ ತಮ್ಮ ಪಠ್ಯಪುಸ್ತಕದ ಮೂಲಕ ಈ ವಿಚಾರವನ್ನು ಎಲ್ಲ ಅರ್ಥಶಾಸ್ತ್ರ ತರಗತಿಗಳಿಗೂ ಮುಟ್ಟಿಸಿದರು.

ಮಾರುವವರ ಕಡೆಯೂ ಇಂಥದೇ ಲೆಕ್ಕವಿದೆ. ಒಂದು ಕ್ಯಾನು ತುಂಬಿಸಿ ಮನೆಗೆ ಮುಟ್ಟಿಸಲು 40 ರೂಪಾಯಿ ಖರ್ಚಾಗಿ, 70ಕ್ಕೆ ಮಾರಿದರೆ ಉಳಿಯುವ 30 ರೂಪಾಯಿ ಉತ್ಪಾದಕರ ಹೆಚ್ಚುವರಿ. ಎರಡನ್ನೂ ಕೂಡಿದರೆ ಆ ಮಾರುಕಟ್ಟೆಯಿಂದ ಸಮಾಜಕ್ಕೆ ಬಂದ ಒಟ್ಟು ಕಲ್ಯಾಣ ಸಿಗುತ್ತದೆ. ಪೈಪೋಟಿ, ಏಕಸ್ವಾಮ್ಯ, ಬೆರಳೆಣಿಕೆಯ ಕಂಪನಿಗಳ ಆಲಿಗೊಪೊಲಿ, ಈ ಮೂರನ್ನೂ ಒಂದೇ ಕೋಷ್ಟಕದಲ್ಲಿ ಹೋಲಿಸುವ ಪದ್ಧತಿ ಎಲ್ಲ ಪಠ್ಯಗಳಲ್ಲೂ ಇದೆ. ಪೈಪೋಟಿಯಲ್ಲಿ ಕಲ್ಯಾಣ ಹೆಚ್ಚು, ಏಕಸ್ವಾಮ್ಯದಲ್ಲಿ ಕಡಿಮೆ, ಆಲಿಗೊಪೊಲಿ ನಡುವೆ ಎಂದು ಮೂರು ಸಾಲಿನಲ್ಲಿ ಬಾಯಿಪಾಠ ಮಾಡಿಸಿ ಮುಂದಿನ ಪಾಠಕ್ಕೆ ಹೋಗುತ್ತಾರೆ. ಆದರೆ ಅಂಕಿಗಳನ್ನು ಒಮ್ಮೆ ನಾವೇ ಕೂತು ಹಾಕಿದರೆ ಆ ಕೋಷ್ಟಕ ಬೇರೆಯೇ ಸಂಗತಿಗಳನ್ನು ಹೇಳತೊಡಗುತ್ತದೆ. ಮುಖ್ಯವಾಗಿ, ಅದರ ಕೊನೆಯ ಕಾಲಮನ್ನು ಮಾತ್ರ ನೋಡಿ ತೀರ್ಮಾನಕ್ಕೆ ಬರುವವರು ಅರ್ಧ ವಿಷಯವನ್ನು ಬಿಟ್ಟಿರುತ್ತಾರೆ ಎಂಬುದು ಗೊತ್ತಾಗುತ್ತದೆ.

ಲೆಕ್ಕಕ್ಕಾಗಿ ಒಂದು ಪಟ್ಟಣವನ್ನು ಕಲ್ಪಿಸಿಕೊಳ್ಳೋಣ. ಕ್ಯಾನಿಗೆ 100 ರೂಪಾಯಿ ಬೆಲೆಯಿಟ್ಟರೆ ಯಾರೂ ಕೊಳ್ಳುವುದಿಲ್ಲ. ಬೆಲೆ ಒಂದು ರೂಪಾಯಿ ಇಳಿದ ಹಾಗೆಲ್ಲ ದಿನಕ್ಕೆ 10 ಕ್ಯಾನು ಹೆಚ್ಚು ಹೋಗುತ್ತದೆ. 90 ರೂಪಾಯಿಗೆ 100 ಕ್ಯಾನು, 70ಕ್ಕೆ 300, 40ಕ್ಕೆ 600. ಯಾವ ಘಟಕದಲ್ಲಾದರೂ ಒಂದು ಕ್ಯಾನಿನ ಖರ್ಚು 40 ರೂಪಾಯಿ. ಅದರಲ್ಲಿ ಕರೆಂಟು, ಫಿಲ್ಟರು, ಟೆಂಪೋ ಬಾಡಿಗೆ ಮಾತ್ರವಲ್ಲ, ಮಾಲೀಕರ ದುಡಿಮೆಯ ಕೂಲಿ ಮತ್ತು ಹಾಕಿದ ಬಂಡವಾಳದ ಬಡ್ಡಿಯೂ ಸೇರಿದೆ. ಈ ಕೊನೆಯ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಪಟ್ಟಣದಲ್ಲಿ ಇಪ್ಪತ್ತು ಮೂವತ್ತು ಘಟಕಗಳಿದ್ದು, ಯಾರು ಬೇಕಾದರೂ ಹೊಸದಾಗಿ ಶುರುಮಾಡಬಹುದಾದರೆ ಬೆಲೆ 40ಕ್ಕೆ ಬಂದು ನಿಲ್ಲುತ್ತದೆ. 45ಕ್ಕೆ ಮಾರುವವರಿದ್ದರೆ ಪಕ್ಕದವರು 43ಕ್ಕೆ ಕೊಡುತ್ತಾರೆ, ಇನ್ನೊಬ್ಬರು 41ಕ್ಕೆ. 600 ಕ್ಯಾನು ಮಾರಾಟವಾಗುತ್ತವೆ. ಮೊದಲ ಗಿರಾಕಿಗೆ ಸುಮಾರು 60 ರೂಪಾಯಿ ಉಳಿದರೆ, ಕೊನೆಯವರಿಗೆ ಏನೂ ಉಳಿಯುವುದಿಲ್ಲ. ಸರಾಸರಿ 30ರಂತೆ 600 ಕ್ಯಾನಿಗೆ ಗ್ರಾಹಕರ ಹೆಚ್ಚುವರಿ ದಿನಕ್ಕೆ 18,000 ರೂಪಾಯಿ. ಉತ್ಪಾದಕರ ಹೆಚ್ಚುವರಿ ಸೊನ್ನೆ.

ಈ ಸೊನ್ನೆ ಎಷ್ಟೋ ವಿದ್ಯಾರ್ಥಿಗಳನ್ನು ಗೊಂದಲಕ್ಕೆ ಕೆಡವುತ್ತದೆ. ಏನೂ ಸಿಗದಿದ್ದರೆ ಯಾರಾದರೂ ವ್ಯಾಪಾರ ಯಾಕೆ ಮಾಡುತ್ತಾರೆ? ಕೂಲಿ, ಬಡ್ಡಿ ಎರಡೂ ಆ 40 ರೂಪಾಯಿಯೊಳಗೇ ಇವೆ. ಸೊನ್ನೆ ಎಂದರೆ ಅದಕ್ಕಿಂತ ಮೇಲೆ ಏನೂ ಇಲ್ಲ ಎಂದಷ್ಟೇ. ಇನ್ನೊಂದು ವಿಷಯ: ಎಲ್ಲರ ಖರ್ಚೂ ಒಂದೇ ಎಂದು ನಾವು ಇಟ್ಟುಕೊಂಡದ್ದರಿಂದ ಸೊನ್ನೆ ಬಂತು. ಒಂದು ಘಟಕದ ಬೋರ್‌ವೆಲ್‌ನಲ್ಲಿ ಸಿಹಿನೀರು ಬಂದು, ಶುದ್ಧೀಕರಣದ ಖರ್ಚು ಕಡಿಮೆಯಾಗಿ, ಕ್ಯಾನಿಗೆ 30 ರೂಪಾಯಿಯೇ ತಗುಲಿದರೆ ಪೈಪೋಟಿಯ ನಡುವೆಯೂ ಆ ಮಾಲೀಕರಿಗೆ ಕ್ಯಾನಿಗೆ 10 ರೂಪಾಯಿ ಹೆಚ್ಚುವರಿ ಸಿಗುತ್ತದೆ. ಆದ್ದರಿಂದ ಪೈಪೋಟಿ ಎಂದರೆ ಉತ್ಪಾದಕರಿಗೆ ಯಾವಾಗಲೂ ಸೊನ್ನೆ ಎಂದು ಬರೆಯುವುದು ಸರಿಯಲ್ಲ.

ಈಗ ಎಲ್ಲ ಘಟಕಗಳೂ ಒಬ್ಬರೇ ಮಾಲೀಕರ ಕೈಗೆ ಬಂದವು ಎನ್ನೋಣ. ಹೊಸಬರಿಗೆ ಪರವಾನಗಿ ಇಲ್ಲ. ಅವರು ಬೆಲೆಯನ್ನು ಎಷ್ಟಕ್ಕೆ ಇಡುತ್ತಾರೆ? ಬಾಯಿಗೆ ಬಂದಷ್ಟು ಅಂತೂ ಅಲ್ಲ. 80ಕ್ಕೆ ಇಟ್ಟರೆ 200 ಕ್ಯಾನು ಹೋಗುತ್ತವೆ, ಕ್ಯಾನಿಗೆ 40ರಂತೆ 8,000 ಸಿಗುತ್ತದೆ. 60ಕ್ಕೆ ಇಟ್ಟರೆ 400 ಕ್ಯಾನು, ಕ್ಯಾನಿಗೆ 20ರಂತೆ ಮತ್ತೆ 8,000. ನಡುವೆ 70ಕ್ಕೆ ಇಟ್ಟಾಗ 300 ಕ್ಯಾನು, 30ರಂತೆ 9,000. ಇದಕ್ಕಿಂತ ಹೆಚ್ಚು ಬರುವ ಬೆಲೆ ಬೇರೆ ಇಲ್ಲ. ಹಾಗಾಗಿ ಬೆಲೆ 70ಕ್ಕೆ ನಿಲ್ಲುತ್ತದೆ. ಕೊಂಡ 300 ಕ್ಯಾನಿಗೆ ಸರಾಸರಿ 15ರಂತೆ ಗ್ರಾಹಕರಿಗೆ ಉಳಿದದ್ದು 4,500 ಮಾತ್ರ.

18,000 ಇದ್ದದ್ದು 4,500ಕ್ಕೆ ಇಳಿಯಿತು. ಗ್ರಾಹಕರು ಕಳೆದುಕೊಂಡ 13,500ರಲ್ಲಿ 9,000 ಮಾಲೀಕರ ಗಲ್ಲಾಪೆಟ್ಟಿಗೆಗೆ ಹೋಯಿತು. ಉಳಿದ 4,500 ಎಲ್ಲಿ? ಕ್ಯಾನಿಗೆ 55 ರೂಪಾಯಿ ಕೊಡಲು ತಯಾರಿದ್ದ ಒಂದು ಮನೆಯನ್ನು ನೋಡಿ. ನೀರು ತುಂಬಿಸಿ ತಲುಪಿಸಲು 40 ಸಾಕು. ಬೆಲೆ 40 ಇದ್ದಾಗ ಆ ಮನೆಗೆ ದಿನಕ್ಕೆ 15 ರೂಪಾಯಿಯ ಲಾಭವಿತ್ತು. ಈಗ ಬೆಲೆ 70. ಅವರು ಕ್ಯಾನು ತರಿಸುವುದನ್ನು ಬಿಟ್ಟು ನಲ್ಲಿ ನೀರನ್ನೇ ಕಾಯಿಸಿ ಕುಡಿಯುತ್ತಿದ್ದಾರೆ. ಅವರ 15 ರೂಪಾಯಿ ಹೋಯಿತು, ಮಾಲೀಕರಿಗೂ ಅದರಿಂದ ಒಂದು ಪೈಸೆ ಬರಲಿಲ್ಲ, ಏಕೆಂದರೆ ಮಾರಾಟವೇ ಆಗಲಿಲ್ಲ. ಹೀಗೆ ಮಾರಾಟವಾಗದೆ ಹೋದ ಕ್ಯಾನುಗಳು 300, ಒಂದೊಂದಕ್ಕೂ ಸರಾಸರಿ 15ರಂತೆ 4,500 ರೂಪಾಯಿ. ಅರ್ಥಶಾಸ್ತ್ರಜ್ಞರು ಡೆಡ್‌ವೇಟ್ ಲಾಸ್ ಎಂದು ಕರೆಯುವುದು ಇದನ್ನೇ. ಇದು ಯಾರಿಗೂ ದಕ್ಕದೆ ಹೋದ ನಷ್ಟ.

ಇನ್ನು ಕೆಲವರೇ ಮಾರುವವರಿರುವ ಮಾರುಕಟ್ಟೆ. ಈ ವಿಷಯದ ಮೇಲೆ ಮೊದಲ ಗಣಿತದ ಕೆಲಸ ನಡೆದದ್ದೂ ನೀರಿನ ವ್ಯಾಪಾರವನ್ನು ಇಟ್ಟುಕೊಂಡೇ. 1838ರಲ್ಲಿ ಫ್ರೆಂಚ್ ಗಣಿತಜ್ಞ ಆಂತ್ವಾನ್ ಆಗಸ್ಟಿನ್ ಕೂರ್ನೋ ತನ್ನ ಪುಸ್ತಕದಲ್ಲಿ ಖನಿಜಯುಕ್ತ ನೀರಿನ ಎರಡು ಚಿಲುಮೆಗಳನ್ನೂ ಅವುಗಳ ಇಬ್ಬರು ಮಾಲೀಕರನ್ನೂ ಕಲ್ಪಿಸಿಕೊಂಡ. ಒಬ್ಬರು ಇನ್ನೊಬ್ಬರ ಜೊತೆ ಮಾತಾಡಿಕೊಂಡಿಲ್ಲ. ಪ್ರತಿಯೊಬ್ಬರೂ ಎದುರಿನವರು ಎಷ್ಟು ನೀರು ಮಾರುಕಟ್ಟೆಗೆ ತರುತ್ತಾರೆ ಎಂದು ಅಂದಾಜಿಸಿ, ಅದಕ್ಕೆ ತಕ್ಕಂತೆ ತಮ್ಮ ಪ್ರಮಾಣವನ್ನು ನಿರ್ಧರಿಸುತ್ತಾರೆ. ಇಬ್ಬರಿಗೂ ತಮ್ಮ ನಿರ್ಧಾರ ಬದಲಿಸಲು ಕಾರಣ ಉಳಿಯದ ಜಾಗದಲ್ಲಿ ಮಾರುಕಟ್ಟೆ ನೆಲೆ ನಿಲ್ಲುತ್ತದೆ.

ನಮ್ಮ ಪಟ್ಟಣದಲ್ಲಿ ಆ ಜಾಗ ಇಬ್ಬರೂ 200, 200 ಕ್ಯಾನು ತರುವುದು. ಒಟ್ಟು 400 ಕ್ಯಾನು, ಬೆಲೆ 60, ಒಬ್ಬೊಬ್ಬರಿಗೂ ಕ್ಯಾನಿಗೆ 20ರಂತೆ 4,000. ಎದುರಿನವರು 200 ತರುತ್ತಿರುವಾಗ ಒಬ್ಬರು 250ಕ್ಕೆ ಏರಿಸಿದರೆ ಬೆಲೆ 55ಕ್ಕೆ ಇಳಿದು ಅವರಿಗೆ ಸಿಗುವುದು 3,750. ಆಸೆ ತಗ್ಗಿಸಿ 150ಕ್ಕೆ ಇಳಿಸಿದರೆ ಬೆಲೆ 65 ಆಗುತ್ತದೆ, ಆಗಲೂ ಕೈಗೆ ಬರುವುದು 3,750 ಮಾತ್ರ. ಏರಿಸಿದರೂ ನಷ್ಟ, ಇಳಿಸಿದರೂ ನಷ್ಟ. ಹೀಗಾಗಿ 200ಕ್ಕೇ ನಿಲ್ಲುತ್ತಾರೆ. ಇಡೀ ಲೆಕ್ಕವನ್ನು ಒಂದು ಕಡೆ ಬರೆದರೆ, ದಿನಕ್ಕೆ ರೂಪಾಯಿಗಳಲ್ಲಿ, ಹೀಗೆ ಕಾಣುತ್ತದೆ:

| ಮಾರುಕಟ್ಟೆ | ಬೆಲೆ | ಕ್ಯಾನು | ಗ್ರಾಹಕರ ಹೆಚ್ಚುವರಿ | ಉತ್ಪಾದಕರ ಹೆಚ್ಚುವರಿ | ಯಾರಿಗೂ ದಕ್ಕದ್ದು | ಒಟ್ಟು ಕಲ್ಯಾಣ |
|---|---|---|---|---|---|---|
| ಪೈಪೋಟಿ | 40 | 600 | 18,000 | 0 | 0 | 18,000 |
| ಇಬ್ಬರ ಆಲಿಗೊಪೊಲಿ | 60 | 400 | 8,000 | 8,000 | 2,000 | 16,000 |
| ಏಕಸ್ವಾಮ್ಯ | 70 | 300 | 4,500 | 9,000 | 4,500 | 13,500 |

ಕೊನೆಯ ಕಾಲಮನ್ನಷ್ಟೇ ಓದಿದರೆ ಪೈಪೋಟಿಯಿಂದ ಇಬ್ಬರ ಮಾರುಕಟ್ಟೆಗೆ ಬಂದಾಗ ಒಟ್ಟು ಕಲ್ಯಾಣ 18,000ದಿಂದ 16,000ಕ್ಕೆ ಇಳಿದಿದೆ, ಒಂಬತ್ತರಲ್ಲಿ ಒಂದು ಪಾಲು ಮಾತ್ರ. ದೊಡ್ಡ ಅನಾಹುತವೇನೂ ಅಲ್ಲ ಎನಿಸಬಹುದು. ಗ್ರಾಹಕರ ಕಾಲಮಿಗೆ ಬನ್ನಿ. 18,000 ಇದ್ದದ್ದು 8,000 ಆಗಿದೆ, ಅರ್ಧಕ್ಕಿಂತ ಹೆಚ್ಚು ಹೋಗಿದೆ. ಕೊಳ್ಳುವವರ ಕಣ್ಣಲ್ಲಿ ಇಬ್ಬರ ಆಲಿಗೊಪೊಲಿ ಏಕಸ್ವಾಮ್ಯಕ್ಕೆ ಹತ್ತಿರ, ಸಮಾಜದ ಒಟ್ಟು ಲೆಕ್ಕದಲ್ಲಿ ಪೈಪೋಟಿಗೆ ಹತ್ತಿರ. ಒಂದೇ ಸಾಲಿಗೆ ಎರಡು ಓದು ಸಾಧ್ಯವಿದೆ, ಎರಡೂ ನಿಜ. ಮೂರನೆಯ ಘಟಕವೊಂದು ಬಂದರೆ ಬೆಲೆ 55ಕ್ಕೆ ಇಳಿಯುತ್ತದೆ, ಯಾರಿಗೂ ದಕ್ಕದ ನಷ್ಟ 1,125ಕ್ಕೆ ಬರುತ್ತದೆ.

ನನ್ನ ದೃಷ್ಟಿಯಲ್ಲಿ ಈ ಕೋಷ್ಟಕದ ಅತ್ಯಂತ ಅಸ್ಥಿರ ಸಾಲು ನಡುವಿನದು. ಪಠ್ಯಗಳು ಅದನ್ನು ಪೈಪೋಟಿಗೂ ಏಕಸ್ವಾಮ್ಯಕ್ಕೂ ನಡುವಿನ ನಿಲ್ದಾಣ ಎಂಬಂತೆ ಬರೆದುಬಿಡುತ್ತವೆ. ವಾಸ್ತವದಲ್ಲಿ ಅದು ಒಂದು ಸಾಲಲ್ಲ, ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೂ ಎಲ್ಲಿ ಬೇಕಾದರೂ ಇರಬಹುದು. 1883ರಲ್ಲಿ ಇನ್ನೊಬ್ಬ ಫ್ರೆಂಚ್ ಗಣಿತಜ್ಞ ಜೋಸೆಫ್ ಬರ್ಟ್ರಾಂಡ್, ಕೂರ್ನೋನ ಪುಸ್ತಕವನ್ನು ವಿಮರ್ಶಿಸುತ್ತಾ ಇದನ್ನೇ ಕೆದಕಿದ. ಮಾಲೀಕರು ಪ್ರಮಾಣದ ಬದಲು ಬೆಲೆಯಲ್ಲೇ ಸೆಣಸಿದರೆ ಏನಾಗುತ್ತದೆ? ಒಬ್ಬರು 60ಕ್ಕೆ ಮಾರುವಾಗ ಇನ್ನೊಬ್ಬರು 59ಕ್ಕೆ ಇಟ್ಟರೆ ಗಿರಾಕಿಗಳೆಲ್ಲ ಅವರ ಕಡೆಗೆ. ಮೊದಲಿನವರು 58ಕ್ಕೆ ಇಳಿಸುತ್ತಾರೆ. ನೀರು ಒಂದೇ ಗುಣಮಟ್ಟದ್ದಾಗಿ, ಇಬ್ಬರಿಗೂ ಇಡೀ ಪಟ್ಟಣಕ್ಕೆ ಸಾಲುವಷ್ಟು ತಯಾರಿಕೆಯ ಶಕ್ತಿ ಇದ್ದರೆ, ಮಾರುವವರು ಇಬ್ಬರೇ ಆದರೂ ಬೆಲೆ 40ಕ್ಕೇ ಬಂದು ಮುಟ್ಟುತ್ತದೆ. ಮೇಲಿನ ಸಾಲೇ ಪುನಃ ಬರುತ್ತದೆ.

ಕೆಳಗಿನ ಸಾಲಿಗೆ ಇಳಿಯುವ ದಾರಿ ಇನ್ನೂ ಸುಲಭ. ಇಬ್ಬರೂ ಒಂದು ಸಂಜೆ ಕೂತು, ದಿನಕ್ಕೆ ತಲಾ 150 ಕ್ಯಾನಿಗಿಂತ ಹೆಚ್ಚು ತರುವುದು ಬೇಡ ಎಂದು ಮಾತಾಡಿಕೊಂಡರೆ ಸಾಕು. ಬೆಲೆ 70 ಆಗುತ್ತದೆ, ತಲಾ 4,500 ಸಿಗುತ್ತದೆ. ಪಟ್ಟಣದವರ ಪಾಲಿಗೆ ಅದು ಏಕಸ್ವಾಮ್ಯವೇ. ಇಂಥ ಕೂಟಕ್ಕೆ ಕಾರ್ಟೆಲ್ ಎನ್ನುತ್ತಾರೆ. ಅದರ ದೌರ್ಬಲ್ಯವೂ ಅದರೊಳಗೇ ಇದೆ. ಒಬ್ಬರು ಮಾತಿಗೆ ತಪ್ಪಿ ಗುಟ್ಟಾಗಿ 200 ಕ್ಯಾನು ಹೊರಡಿಸಿದರೆ ಬೆಲೆ 65ಕ್ಕೆ ಇಳಿದರೂ ಅವರಿಗೆ 5,000 ಸಿಗುತ್ತದೆ, ಮಾತು ಉಳಿಸಿಕೊಂಡವರಿಗೆ 3,750. ಅದಕ್ಕೇ ಕಾರ್ಟೆಲ್ ಬಾಳಬೇಕಾದರೆ ಒಬ್ಬರ ಮಾರಾಟ ಇನ್ನೊಬ್ಬರಿಗೆ ಕಾಣುತ್ತಿರಬೇಕು. ಯಾರು ಎಷ್ಟು ತಯಾರಿಸಿದರು, ಯಾವ ಬೆಲೆಗೆ ಬಿಟ್ಟರು ಎಂಬ ಅಂಕಿಗಳು ಒಂದು ಸಂಘದ ಮೂಲಕ ಸದಸ್ಯರ ನಡುವೆ ಓಡಾಡುತ್ತಿದ್ದರೆ ತನಿಖೆ ಮಾಡುವವರ ಕಿವಿ ನೆಟ್ಟಗಾಗುವುದು ಇದೇ ಕಾರಣಕ್ಕೆ.

ನಮ್ಮ ದೇಶದ ಸಿಮೆಂಟ್ ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಕಟ್ಟಡ ನಿರ್ಮಾಣಗಾರರ ಸಂಘದ ದೂರಿನ ಮೇಲೆ ತನಿಖೆ ನಡೆಸಿದ ಭಾರತೀಯ ಸ್ಪರ್ಧಾ ಆಯೋಗ, 2012ರಲ್ಲಿ ಹಲವು ಸಿಮೆಂಟ್ ಕಂಪನಿಗಳಿಗೆ ಒಟ್ಟು 6,000 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬೆಲೆಗಳು ಒಟ್ಟೊಟ್ಟಿಗೆ ಏರಿದ್ದನ್ನು ಮಾತ್ರ ಆಯೋಗ ನೋಡಲಿಲ್ಲ, ಏಕೆಂದರೆ ಕಲ್ಲಿದ್ದಲು ದುಬಾರಿಯಾದರೆ ಎಲ್ಲರ ಬೆಲೆಯೂ ಒಟ್ಟಿಗೆ ಏರುತ್ತದೆ, ಅದರಲ್ಲಿ ಒಳಸಂಚೇನೂ ಇರಬೇಕಿಲ್ಲ. ಕಾರ್ಖಾನೆಗಳು ತಮ್ಮ ಸಾಮರ್ಥ್ಯವನ್ನು ಪೂರ್ತಿ ಬಳಸದೆ ಉತ್ಪಾದನೆಯನ್ನು ತಗ್ಗಿಸಿದ್ದವು ಎಂಬುದು ಅದರ ಮುಖ್ಯ ವಾದಗಳಲ್ಲಿ ಒಂದಾಗಿತ್ತು. ನಮ್ಮ ಪಟ್ಟಣದಲ್ಲಿ 200 ಕ್ಯಾನು ತುಂಬಬಲ್ಲವರು 150ಕ್ಕೆ ನಿಲ್ಲಿಸಿದರಲ್ಲ, ಅದೇ ಕುರುಹು. ವಿಚಾರಣೆಯ ಕ್ರಮದಲ್ಲಿ ಲೋಪವಾಗಿದೆ ಎಂದು ಮೇಲ್ಮನವಿಯಲ್ಲಿ ಆ ಆದೇಶ ರದ್ದಾಯಿತು. 2016ರಲ್ಲಿ ಆಯೋಗ ಮರುವಿಚಾರಣೆ ನಡೆಸಿ ಮತ್ತೆ ದಂಡ ಹಾಕಿತು. 2018ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಎತ್ತಿಹಿಡಿಯಿತು, ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. ಕೋಷ್ಟಕದ ನಡುವಿನ ಸಾಲು ಕೆಳಕ್ಕೆ ಜಾರಿದೆ ಎಂದು ಕಾಗದದ ಮೇಲೆ ತೋರಿಸುವುದು ಒಂದು ನಿಮಿಷದ ಕೆಲಸ, ಸಾಕ್ಷ್ಯ ಹಿಡಿದು ನಿಲ್ಲಿಸುವುದು ವರ್ಷಗಟ್ಟಲೆಯ ಕೆಲಸ.

ಈಗ ಮತ್ತೆ ಆ ಕೊನೆಯ ಕಾಲಮಿಗೆ ಬರೋಣ. 1954ರಲ್ಲಿ ಅಮೆರಿಕದ ಆರ್ನಾಲ್ಡ್ ಹಾರ್ಬರ್ಗರ್ ತಮ್ಮ ದೇಶದ ಕಾರ್ಖಾನೆ ವಲಯದಲ್ಲಿ ಏಕಸ್ವಾಮ್ಯದಿಂದ ಯಾರಿಗೂ ದಕ್ಕದೆ ಹೋದ ನಷ್ಟ ಎಷ್ಟೆಂದು ಅಂದಾಜು ಹಾಕಿದರು. ಬಂದ ಉತ್ತರ ರಾಷ್ಟ್ರೀಯ ವರಮಾನದ ಶೇ. 0.1ರ ಆಸುಪಾಸು. ಇಷ್ಟು ಸಣ್ಣ ಮೊತ್ತಕ್ಕೆ ಇಷ್ಟೊಂದು ಕಾನೂನು, ಕೋರ್ಟು ಬೇಕೇ ಎಂದು ಹಲವರು ಕೇಳಿದರು. 1967ರಲ್ಲಿ ಗಾರ್ಡನ್ ಟಲ್ಲಕ್ ಅದಕ್ಕೆ ಉತ್ತರ ಕೊಟ್ಟರು. ನಮ್ಮ ಪಟ್ಟಣದ ಲೆಕ್ಕದಲ್ಲೇ ಹೇಳುವುದಾದರೆ, ಯಾರಿಗೂ ದಕ್ಕದ 4,500ನ್ನು ಮಾತ್ರ ನಷ್ಟವೆಂದು ಬರೆಯುತ್ತೇವೆ, ಮಾಲೀಕರ 9,000ವನ್ನು ಕಲ್ಯಾಣದಲ್ಲಿ ಸೇರಿಸುತ್ತೇವೆ. ಆದರೆ ದಿನಕ್ಕೆ 9,000 ತರುವ ಪರವಾನಗಿಯನ್ನು ಗಿಟ್ಟಿಸಲು, ಗಿಟ್ಟಿಸಿದ ಮೇಲೆ ಬೇರೆಯವರಿಗೆ ಸಿಗದಂತೆ ನೋಡಿಕೊಳ್ಳಲು, ಆ ಮಾಲೀಕರು ವಕೀಲರಿಗೆ, ಓಡಾಟಕ್ಕೆ, ಪ್ರಭಾವಿಗಳ ಓಲೈಕೆಗೆ ದಿನಕ್ಕೆ ಐದಾರು ಸಾವಿರ ಸುರಿಯಲೂ ಹಿಂಜರಿಯುವುದಿಲ್ಲ. ಆ ಓಡಾಟದಲ್ಲಿ ವ್ಯಯವಾದ ಜನರ ಹೊತ್ತು, ದುಡಿಮೆಯಿಂದ ಒಂದು ಲೋಟ ನೀರೂ ಹೆಚ್ಚು ತಯಾರಾಗುವುದಿಲ್ಲ. ಆದ್ದರಿಂದ ಕೋಷ್ಟಕದ 9,000ದಲ್ಲೂ ಒಂದು ಭಾಗ ಕರಗಿಹೋಗಿರುತ್ತದೆ.

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಎಳೆಯುವ ವಾದವೂ ಇದೆ, ಅದನ್ನು ಮುಂದಿಟ್ಟವರು ಆಲಿವರ್ ವಿಲಿಯಮ್‌ಸನ್, 1968ರಲ್ಲಿ. ಘಟಕಗಳೆಲ್ಲ ಒಂದಾದಾಗ ಖರ್ಚು ಇಳಿದರೆ ಏನಾಗುತ್ತದೆ? ಒಂದೇ ದೊಡ್ಡ ಯಂತ್ರ, ಬೀದಿಗೆ ಒಂದೇ ಟೆಂಪೋ. ಕ್ಯಾನಿನ ಖರ್ಚು 40ರಿಂದ 30ಕ್ಕೆ ಇಳಿಯಿತು ಎನ್ನಿ. ಆಗ ಏಕಸ್ವಾಮ್ಯದ ಮಾಲೀಕರಿಗೆ ಅತಿ ಹೆಚ್ಚು ಲಾಭ ತರುವ ಬೆಲೆ 65, ಮಾರಾಟ 350 ಕ್ಯಾನು. ಅವರ ಹೆಚ್ಚುವರಿ 12,250, ಗ್ರಾಹಕರದ್ದು 6,125. ಕೂಡಿದರೆ 18,375. ಇದು ಪೈಪೋಟಿಯ 18,000ಕ್ಕಿಂತಲೂ ಹೆಚ್ಚು! ಕೊನೆಯ ಕಾಲಮನ್ನೇ ನಂಬುವವರು ಈ ವಿಲೀನಕ್ಕೆ ಒಪ್ಪಿಗೆ ಕೊಡಬೇಕು. ಆದರೆ ಪಟ್ಟಣದ ಮನೆಗಳಲ್ಲಿ ಬೆಲೆ 40ರಿಂದ 65ಕ್ಕೆ ಏರಿದೆ, ಅವರ ಹೆಚ್ಚುವರಿ ಮೂರನೆಯ ಒಂದಂಶಕ್ಕೆ ಕುಗ್ಗಿದೆ. ಎರಡು ಕಂಪನಿಗಳು ಒಂದಾಗುತ್ತೇವೆ, ಇದರಿಂದ ದಕ್ಷತೆ ಹೆಚ್ಚುತ್ತದೆ ಎಂದು ಅರ್ಜಿ ಹಾಕಿದಾಗ ನಿಯಂತ್ರಕರು ಕೇಳಬೇಕಾದ ಪ್ರಶ್ನೆ ಖರ್ಚು ಇಳಿಯುತ್ತದೆಯೇ ಎಂಬುದಷ್ಟೇ ಅಲ್ಲ, ಇಳಿದ ಖರ್ಚಿನಲ್ಲಿ ಎಷ್ಟು ಬೆಲೆಗೆ ಇಳಿದು ಬರುತ್ತದೆ ಎಂಬುದೂ ಹೌದು. ಈ ವಿಷಯದಲ್ಲಿ ನಾನು ಗ್ರಾಹಕರ ಕಾಲಮಿನ ಪಕ್ಷ. ಒಟ್ಟು ಮೊತ್ತದಲ್ಲಿ 375 ರೂಪಾಯಿ ಹೆಚ್ಚಾಯಿತೆಂದು ಊರಿನ ಮನೆಗಳಿಂದ 11,875 ರೂಪಾಯಿ ಜಾರಿಹೋದದ್ದನ್ನು ಸರಿಯೆನ್ನಲು ನನಗೆ ಆಗುವುದಿಲ್ಲ.

ಕೋಷ್ಟಕಕ್ಕೆ ಇನ್ನೂ ಆಳದ ಒಂದು ಮಿತಿ ಇದೆ. ಅದು ಮೊದಲ ಸಾಲಿನಲ್ಲೇ, ಪೈಪೋಟಿಯ ಎದುರಿಗಿರುವ ಆ ಚೊಕ್ಕ ಸೊನ್ನೆಯಲ್ಲೇ ಅಡಗಿದೆ. ಕೊಡಲು ತಯಾರಿರುವ ಮೊತ್ತವನ್ನು ನಾವು ಬೇಕು ಎಂಬುದರ ಅಳತೆಯಾಗಿ ಹಿಡಿದೆವು. ಕೊಡಲು ತಯಾರಿರುವುದಕ್ಕೆ ಮೊದಲು ಕೊಡಲು ಇರಬೇಕಲ್ಲ. ದೊಡ್ಡ ಬಂಗಲೆಯವರು ತೋಟದ ಪಾರ್ಟಿಗೆ ಹತ್ತನೆಯ ಕ್ಯಾನನ್ನು 80 ರೂಪಾಯಿಗೂ ಕೊಂಡಾರು. ಕೂಲಿ ಮಾಡುವ ಮನೆಯವರು ಮಗುವಿಗೆ ಭೇದಿಯಾಗಿರುವಾಗಲೂ ಮೊದಲ ಕ್ಯಾನಿಗೆ 35ಕ್ಕಿಂತ ಹೆಚ್ಚು ಕೊಡಲಾರರು. ಕೋಷ್ಟಕದ ಪ್ರಕಾರ ಬಂಗಲೆಯ ಹತ್ತನೆಯ ಕ್ಯಾನೇ ಹೆಚ್ಚು ಬೆಲೆಯುಳ್ಳದ್ದು. ಖರ್ಚು 40 ಇರುವುದರಿಂದ, 35 ಕೊಡಬಲ್ಲ ಮನೆ ಪೈಪೋಟಿಯ ಸಾಲಿಗೂ ಬರುವುದಿಲ್ಲ, ಏಕಸ್ವಾಮ್ಯದ ಸಾಲಿಗೂ ಬರುವುದಿಲ್ಲ. ಯಾರಿಗೂ ದಕ್ಕದ ನಷ್ಟದ ಕಾಲಮಿನಲ್ಲಂತೂ ಅದರ ಹೆಸರೇ ಇಲ್ಲ. ಆ ಮನೆಗೆ ಯಾರಾದರೂ ಒಂದು ಕ್ಯಾನು ಮುಟ್ಟಿಸಿದರೆ ಒಟ್ಟು ಕಲ್ಯಾಣ 5 ರೂಪಾಯಿ ಕಡಿಮೆಯಾಯಿತು ಎಂದೇ ಈ ಲೆಕ್ಕ ಬರೆದುಕೊಳ್ಳುತ್ತದೆ.

ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಸರ್ಕಾರ ಹಾಕಿಸಿದ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನಾಣ್ಯ ಹಾಕಿದರೆ ಕೆಲವೇ ರೂಪಾಯಿಗೆ 20 ಲೀಟರ್ ಸಿಗುತ್ತದೆ, ಯಂತ್ರದ ಬಂಡವಾಳ ಆ ನಾಣ್ಯಗಳಿಂದ ಹುಟ್ಟುವುದಿಲ್ಲ. ಮೇಲಿನ ಕೋಷ್ಟಕವನ್ನು ಹಾಗೇ ಹಿಡಿದು ಅಳೆದರೆ ಅವು ಕಲ್ಯಾಣವನ್ನು ಕುಗ್ಗಿಸುತ್ತಿವೆ ಎಂದೇ ಉತ್ತರ ಬರಬಹುದು. ಶುದ್ಧ ನೀರು ಕುಡಿದದ್ದರಿಂದ ತಪ್ಪಿದ ಕಾಯಿಲೆ, ಆಸ್ಪತ್ರೆಗೆ ಹೋಗದೆ ಉಳಿದ ದಿನದ ಕೂಲಿ, ಶಾಲೆ ತಪ್ಪಿಸದ ಮಗು, ಇವನ್ನು ಬರೆಯಲು ಕ್ಯಾನು ಕೊಳ್ಳುವವರ ಮತ್ತು ಮಾರುವವರ ಎರಡು ಕಾಲಮುಗಳಲ್ಲಿ ಜಾಗವಿಲ್ಲ. ಅದಕ್ಕೆ ಮೂರನೆಯ ಕಾಲಮು ಬೇಕು, ಮತ್ತು ಅದನ್ನು ತುಂಬುವ ಅಂಕಿಗಳು ನೀರಿನ ಅಂಗಡಿಯಲ್ಲಿ ಅಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದ ರಿಜಿಸ್ಟರಿನಲ್ಲಿ ಸಿಗುತ್ತವೆ.